ಗಾಂಧೀಜಿಯ ಮೂರು ರಾಶಿಗಳು

ಅಕ್ಟೋಬರ್ 2ರಂದು ಹುಟ್ಟಿದವರು ಇಂಗ್ಲಿಷ್ ಪತ್ರಿಕೆಯ ಭವಿಷ್ಯದ ಅಂಕಣ ನೋಡಿದರೆ ಅವರದು ತುಲಾ ರಾಶಿ. ಊರಿನ ಜೋಯಿಸರ ಮುಂದೆ ಜಾತಕ ಬಿಚ್ಚಿದರೆ ಅವರು ಸೂರ್ಯ ಕನ್ಯೆಯಲ್ಲಿದ್ದಾನೆ ಎನ್ನುತ್ತಾರೆ. ಅಷ್ಟಕ್ಕೇ ನಿಲ್ಲದೆ, ‘ಸೂರ್ಯನದು ಇರಲಿ, ನಿಮ್ಮ ಜನ್ಮರಾಶಿ ಬೇರೆ, ಲಗ್ನ ಇನ್ನೂ ಬೇರೆ’ ಎಂದು ಎರಡು ಹೆಸರು ಸೇರಿಸುತ್ತಾರೆ. ಒಂದು ರಾಶಿಯವರು ನಾಚಿಕೆಯವರಂತೆ, ಇನ್ನೊಂದು ರಾಶಿಯವರು ವೇದಿಕೆ ಬಯಸುವವರಂತೆ, ಮೂರನೆಯದರವರು ಲೆಕ್ಕಾಚಾರದವರಂತೆ. ಮನೆಗೆ ಬಂದವರು ಕೇಳುವುದು ಒಂದೇ: ಹಾಗಾದರೆ ನಾನು ಯಾರು?

ಈ ಪ್ರಶ್ನೆಗೆ ಜಾತಕ ನೋಡುವವರು ಹೇಗೆ ಉತ್ತರ ಹುಡುಕುತ್ತಾರೆ ಎಂಬುದನ್ನು ಎಲ್ಲರಿಗೂ ಗೊತ್ತಿರುವ ಒಂದು ಜಾತಕ ಇಟ್ಟುಕೊಂಡೇ ನೋಡೋಣ. ಮೋಹನದಾಸ ಕರಮಚಂದ ಗಾಂಧಿ, 1869ರ ಅಕ್ಟೋಬರ್ 2, ಪೋರಬಂದರು, ಬೆಳಗ್ಗೆ. ಜ್ಯೋತಿಷ್ಯದವರು ಬಳಸುವ ವೇಳೆಗಳಲ್ಲಿ ಒಂದು ಸುಮಾರು 7 ಗಂಟೆ 11 ನಿಮಿಷ, ಇನ್ನೊಂದು 7 ಗಂಟೆ 45 ನಿಮಿಷ. ಎರಡಕ್ಕೂ ನಮ್ಮ ಪಂಚಾಂಗದ ಲೆಕ್ಕದಲ್ಲಿ ಲಗ್ನ ತುಲಾ, ಚಂದ್ರ ಕರ್ಕಾಟಕದಲ್ಲಿ, ಸೂರ್ಯ ಕನ್ಯೆಯಲ್ಲಿ. ಪಾಶ್ಚಾತ್ಯ ಲೆಕ್ಕದಲ್ಲಿ ಸೂರ್ಯ ತುಲೆಯಲ್ಲಿ, ಚಂದ್ರ ಸಿಂಹದಲ್ಲಿ. ಲಗ್ನ ಮಾತ್ರ ಮೊದಲ ವೇಳೆಗೆ ತುಲಾ, ಎರಡನೆಯ ವೇಳೆಗೆ ವೃಶ್ಚಿಕ.

ಮೊದಲು ಬಿಡಿಸಬೇಕಾದ ಗಂಟು ಇದೇ. ಮೇಲೆ ಕಾಣುವ ಗೊಂದಲದಲ್ಲಿ ಅರ್ಧದಷ್ಟು ನಿಜವಾದ ವಿರೋಧವೇ ಅಲ್ಲ, ಎರಡು ಅಳತೆಗಳನ್ನು ಬೆರೆಸಿದ್ದರಿಂದ ಹುಟ್ಟಿದ್ದು. ಸಂಕ್ರಾಂತಿಯನ್ನು ನೆನಪಿಸಿಕೊಳ್ಳಿ. ಹಗಲು ಬೆಳೆಯಲು ಶುರುವಾಗುವುದು ಡಿಸೆಂಬರ್ 21 ಅಥವಾ 22ರ ನಂತರ. ನಾವು ಮಕರ ಸಂಕ್ರಾಂತಿಯ ಎಳ್ಳು ಬೀರುವುದು ಜನವರಿ 14 ಅಥವಾ 15ಕ್ಕೆ. ಪಾಶ್ಚಾತ್ಯರ ಸಾಯನ ಪದ್ಧತಿ ಋತುಗಳನ್ನು ಹಿಡಿದು ರಾಶಿಯನ್ನು ಅಳೆಯುತ್ತದೆ, ನಮ್ಮ ನಿರಯನ ಪದ್ಧತಿ ನಕ್ಷತ್ರಗಳನ್ನು ಹಿಡಿದು ಅಳೆಯುತ್ತದೆ. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಎರಡರ ನಡುವಿನ ಅಂತರ ವರ್ಷಕ್ಕೆ ಸುಮಾರು 50 ವಿಕಲೆಯಂತೆ ಬೆಳೆಯುತ್ತ ಬಂದಿದೆ. ಆ ಅಂತರಕ್ಕೆ ಅಯನಾಂಶ ಎಂದು ಹೆಸರು. ಮೇಘನಾದ ಸಹಾ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1956ರ ಮಾರ್ಚ್ 21ಕ್ಕೆ ಅದನ್ನು 23 ಅಂಶ 15 ಕಲೆ ಎಂದು ಗೊತ್ತುಮಾಡಿತು. ಈಗ ಅದು 24 ಅಂಶ ದಾಟಿದೆ, ಗಾಂಧೀಜಿ ಹುಟ್ಟಿದಾಗ ಸುಮಾರು 22 ಅಂಶ ಇತ್ತು.

ಒಂದು ರಾಶಿ ಎಂದರೆ 30 ಅಂಶ. ಅದರಲ್ಲಿ 24 ಅಂಶ ಹಿಂದಕ್ಕೆ ಸರಿದರೆ ಐವರಲ್ಲಿ ನಾಲ್ವರ ರಾಶಿ ಹಿಂದಿನ ಮನೆಗೆ ಹೋಗುತ್ತದೆ. ಅಕ್ಟೋಬರ್ 2ರಂದು ಸಾಯನದಲ್ಲಿ ಸೂರ್ಯ ತುಲೆಯ 9ನೇ ಅಂಶದ ಹತ್ತಿರ. 22 ಕಳೆದರೆ ಕನ್ಯೆಯ 17. ಆಕಾಶದಲ್ಲಿ ಸೂರ್ಯ ಕದಲಿಲ್ಲ, ಹೆಸರು ಬದಲಾಯಿತು, ಅಷ್ಟೆ. ಹಾಗಾಗಿ ಇಂಗ್ಲಿಷ್ ಅಂಕಣದ ಸೂರ್ಯರಾಶಿಯನ್ನೂ ಒಂಟಿಕೊಪ್ಪಲು ಪಂಚಾಂಗದ ಜನ್ಮರಾಶಿಯನ್ನೂ ಪಕ್ಕಪಕ್ಕ ಇಟ್ಟು ‘ಹೊಂದುತ್ತಿಲ್ಲ’ ಎನ್ನುವುದರಲ್ಲಿ ಅರ್ಥವಿಲ್ಲ. ಯಾವುದಾದರೂ ಒಂದು ಪದ್ಧತಿ ಹಿಡಿದು ಮೂರನ್ನೂ ಅದರಲ್ಲೇ ಲೆಕ್ಕ ಹಾಕಬೇಕು. ಇಲ್ಲಿಂದ ಮುಂದೆ ನಿರಯನವನ್ನೇ ಹಿಡಿಯೋಣ.

ಮೂರು ಏಕೆ ಬೇರೆಬೇರೆಯಾಗಿ ಬರುತ್ತವೆ ಎಂಬುದು ಅವುಗಳ ನಡಿಗೆ ನೋಡಿದರೆ ತಿಳಿಯುತ್ತದೆ. ಸೂರ್ಯ ಒಂದು ರಾಶಿಯಲ್ಲಿ ತಿಂಗಳಿರುತ್ತಾನೆ. ಚಂದ್ರ ಎರಡೂಕಾಲು ದಿನ. ಲಗ್ನ, ಅಂದರೆ ಹುಟ್ಟಿದ ಗಳಿಗೆಯಲ್ಲಿ ಪೂರ್ವ ದಿಗಂತದಲ್ಲಿ ಏಳುತ್ತಿರುವ ರಾಶಿ, ಸುಮಾರು ಎರಡು ಗಂಟೆಗೊಮ್ಮೆ ಬದಲಾಗುತ್ತದೆ. ಪತ್ರಿಕೆಗಳು ಸೂರ್ಯರಾಶಿಯನ್ನೇ ಹಿಡಿದುಕೊಂಡಿದ್ದಕ್ಕೆ ಶಾಸ್ತ್ರದ ಕಾರಣ ಏನೂ ಇಲ್ಲ. 1930ರಲ್ಲಿ ಲಂಡನ್ನಿನ ‘ಸಂಡೇ ಎಕ್ಸ್‌ಪ್ರೆಸ್’ ಪತ್ರಿಕೆಯಲ್ಲಿ ಆರ್. ಎಚ್. ನೇಲರ್ ಆಗಷ್ಟೇ ಹುಟ್ಟಿದ ರಾಜಕುಮಾರಿ ಮಾರ್ಗರೆಟ್‌ಳ ಜಾತಕ ಬರೆದ. ಅದು ಓದುಗರಿಗೆ ಹಿಡಿಸಿ ಅಂಕಣವಾಯಿತು. ಲಕ್ಷಾಂತರ ಓದುಗರಿಗೆ ಒಟ್ಟಿಗೆ ಬರೆಯಬೇಕಾದರೆ ಎಲ್ಲರಿಗೂ ಗೊತ್ತಿರುವ ಹುಟ್ಟಿದ ತಾರೀಕೊಂದೇ ಆಧಾರ. ಚಂದ್ರನನ್ನು ತಿಳಿಯಲು ವರ್ಷವೂ ಬೇಕು, ಲಗ್ನಕ್ಕೆ ವೇಳೆಯೂ ಊರೂ ಬೇಕು.

ಮೂವರ ನಡುವಿನ ದೂರಕ್ಕೂ ಒಂದು ಸರಳ ಲೆಕ್ಕವಿದೆ, ಓದುಗರು ತಾವೇ ಹಾಕಿಕೊಳ್ಳಬಹುದು. ಸೂರ್ಯೋದಯದ ಹೊತ್ತಿಗೆ ಹುಟ್ಟಿದವರಿಗೆ ಲಗ್ನವೂ ಸೂರ್ಯರಾಶಿಯೂ ಒಂದೇ, ಸೂರ್ಯಾಸ್ತಕ್ಕೆ ಹುಟ್ಟಿದವರಿಗೆ ಎದುರುಬದುರು. ಅಮಾವಾಸ್ಯೆಯ ಆಸುಪಾಸಿನಲ್ಲಿ ಹುಟ್ಟಿದವರ ಸೂರ್ಯ, ಚಂದ್ರ ಸಾಮಾನ್ಯವಾಗಿ ಒಂದೇ ರಾಶಿಯಲ್ಲಿ. ಹುಣ್ಣಿಮೆಯವರಿಗೆ ಏಳನೆಯ ಮನೆಯಲ್ಲಿ, ನೇರ ಎದುರು. ಅಂದರೆ ಹುಣ್ಣಿಮೆಯ ಸಂಜೆ ಹುಟ್ಟಿದವರಿಗೆ ಸೂರ್ಯ ಒಂದು ಕಡೆ, ಲಗ್ನ ಮತ್ತು ಚಂದ್ರ ಇನ್ನೊಂದು ಕಡೆ ಎಂದಾಗುವುದು ಅವರ ಸ್ವಭಾವದ ರಹಸ್ಯವಲ್ಲ, ಗಡಿಯಾರದ ಫಲ. ಗಾಂಧೀಜಿ ಹುಟ್ಟಿದ್ದು ಸೂರ್ಯ ಹುಟ್ಟಿ ಒಂದೂಕಾಲು ಗಂಟೆಗೂ ಹೆಚ್ಚು ಕಾಲ ಕಳೆದ ಮೇಲೆ. ಅಷ್ಟರಲ್ಲಿ ಕನ್ಯೆ ದಿಗಂತದ ಮೇಲೆ ಬಂದು ತುಲೆ ಏಳತೊಡಗಿತ್ತು. ಹಾಗಾಗಿ ಸೂರ್ಯ ಲಗ್ನದಿಂದ ಹನ್ನೆರಡನೆಯ ಮನೆಗೆ ಬಂದ.

ಇನ್ನು ಓದುವ ಕ್ರಮ. ವರಾಹಮಿಹಿರನ ‘ಬೃಹಜ್ಜಾತಕ’ದ ಕಾಲದಿಂದಲೂ ಕೆಲಸದ ಹಂಚಿಕೆ ಸ್ಥೂಲವಾಗಿ ಹೀಗೆ: ಸೂರ್ಯ ಆತ್ಮ, ಚಂದ್ರ ಮನಸ್ಸು, ಲಗ್ನ ದೇಹ. ಸೂರ್ಯನಿಂದ ತಂದೆ, ಅಧಿಕಾರ, ತಾನು ಎಂಬ ಭಾವ ನೋಡುತ್ತಾರೆ. ಚಂದ್ರನಿಂದ ತಾಯಿ, ಅಂತಃಕರಣ, ಸುಖದುಃಖ ತಟ್ಟುವ ಬಗೆ. ಲಗ್ನದಿಂದ ಮೈಕಟ್ಟು, ನಡವಳಿಕೆ, ಜೊತೆಗೆ ಉಳಿದ ಹನ್ನೊಂದು ಮನೆಗಳ ಎಣಿಕೆ. ಮೂರೂ ಒಂದೇ ಪ್ರಶ್ನೆಗೆ ಮೂರು ಉತ್ತರಗಳಲ್ಲ, ಮೂರು ಪ್ರಶ್ನೆಗೆ ಒಂದೊಂದು ಉತ್ತರ. ಪಳಗಿದ ಜೋಯಿಸರು ‘ಕರ್ಕಾಟಕದವರು ಸೂಕ್ಷ್ಮ, ತುಲೆಯವರು ವ್ಯವಹಾರಸ್ಥರು, ಇವೆರಡೂ ಹೇಗೆ ಕೂಡುತ್ತವೆ’ ಎಂದು ತಲೆ ಕೆಡಿಸಿಕೊಳ್ಳುವುದಿಲ್ಲ. ಯಾವ ಪ್ರಶ್ನೆಗೆ ಯಾರನ್ನು ಕೇಳಬೇಕು ಎಂದಷ್ಟೇ ನೋಡುತ್ತಾರೆ.

ಆಮೇಲೆ ಬಲ ತೂಗುತ್ತಾರೆ. ಗಾಂಧೀಜಿಯ ಕುಂಡಲಿಯಲ್ಲಿ ತುಲಾ ಲಗ್ನದ ಅಧಿಪತಿ ಶುಕ್ರ ಲಗ್ನದಲ್ಲೇ, ತನ್ನ ಸ್ವಂತ ಮನೆಯಲ್ಲಿ ಕೂತಿದ್ದಾನೆ. ಜೊತೆಗೆ ಕುಜ, ಬುಧ. ಎದುರಿನ ಮೇಷದಿಂದ ಗುರುವಿನ ದೃಷ್ಟಿ ಬೇರೆ. ಲಗ್ನ ಬಲಿಷ್ಠ ಎನ್ನಲು ಇಷ್ಟು ಸಾಕು. ಚಂದ್ರನ ಸಂಗತಿ ಅಷ್ಟು ನೇರವಾಗಿಲ್ಲ. ಕರ್ಕಾಟಕ ಅವನ ಸ್ವಂತ ಮನೆ, ಲಗ್ನದಿಂದ ಹತ್ತನೆಯದು, ಅಂದರೆ ಕೇಂದ್ರ. ಆದರೆ ಕೃಷ್ಣಪಕ್ಷದ ಏಕಾದಶಿಯ ಕ್ಷೀಣಚಂದ್ರ, ಸಾಲದ್ದಕ್ಕೆ ಅದೇ ರಾಶಿಯಲ್ಲಿ ರಾಹು. ಒಬ್ಬರು ಸ್ವಕ್ಷೇತ್ರ ಎಂದು ಹೊಗಳುತ್ತಾರೆ, ಇನ್ನೊಬ್ಬರು ಪಕ್ಷಬಲವಿಲ್ಲ ಎಂದು ಮೂಗು ಮುರಿಯುತ್ತಾರೆ. ಎರಡನ್ನೂ ಹೇಳುವುದೇ ಸರಿಯಾದ ಓದು: ಮನಸ್ಸಿಗೆ ನೆಲೆ ಇದೆ, ನೆಮ್ಮದಿ ಕಡಿಮೆ. ಸೂರ್ಯ ವ್ಯಯಸ್ಥಾನದಲ್ಲಿ, ಬುಧನ ಮನೆಯಲ್ಲಿ. ಮೂವರಲ್ಲಿ ಹೊರಗೆ ಕಾಣುವುದು ಅವನೇ ಕಡಿಮೆ. ಹಾಗಾಗಿ ಕ್ರಮ: ಮೊದಲು ಲಗ್ನ, ಆಮೇಲೆ ಚಂದ್ರ, ಕೊನೆಗೆ ಸೂರ್ಯ.

ಮೂವರ ನಡುವೆ ನಂಟು ಇದೆಯೇ ಎಂಬುದು ಮುಂದಿನ ಹೆಜ್ಜೆ. ಸೂರ್ಯ ಕೂತಿರುವ ಕನ್ಯೆಯ ಒಡೆಯ ಬುಧ. ಅವನು ಲಗ್ನದಲ್ಲಿ, ಲಗ್ನಾಧಿಪತಿಯ ಪಕ್ಕದಲ್ಲೇ ಇದ್ದಾನೆ. ಹೀಗಾಗಿ ಹಿಂದಿನ ಮನೆಯಲ್ಲಿ ಅಡಗಿದ ಸೂರ್ಯನ ಗುಣ ಬುಧನ ಮೂಲಕ ಮುಂಬಾಗಿಲಿಗೆ ಬರುತ್ತದೆ. ಕರ್ಕಾಟಕವೂ ತುಲೆಯೂ ಚರ ರಾಶಿಗಳು. ಸ್ವಭಾವ ಬೇರೆಯಾದರೂ ಸುಮ್ಮನೆ ಕೂರುವ ಜಾಯಮಾನ ಎರಡಕ್ಕೂ ಇಲ್ಲ. ರಾಶಿಯ ಗುಣಗಳ ಪಟ್ಟಿ ಓದುವವರಿಗೆ ಮೂರು ತುಂಡಾಗಿ ಕಂಡದ್ದು ಅಧಿಪತಿಗಳನ್ನು ಹಿಡಿದು ಹೋಗುವವರಿಗೆ ಒಂದಕ್ಕೊಂದು ಗಂಟು ಬಿದ್ದ ಹಾಗೆ ಕಾಣುವುದು ಇದರಿಂದಲೇ.

ಈಗ ಬದುಕಿಗೆ ಹೊಂದಿಸಿ ನೋಡಿದರೆ? ಲಂಡನ್ನಿನ ಸಸ್ಯಾಹಾರಿಗಳ ಸಭೆಯಲ್ಲಿ ಎದ್ದು ನಿಂತು ಮಾತಾಡಲಾಗದ, ಮುಂಬಯಿಯ ಕೋರ್ಟಿನಲ್ಲಿ ಮೊದಲ ಮೊಕದ್ದಮೆಯಲ್ಲೇ ಬಾಯಿ ಕಟ್ಟಿ ಫೀಸು ಹಿಂದಿರುಗಿಸಿದ ಯುವಕನ ಬಗ್ಗೆ ಗಾಂಧೀಜಿ ಆತ್ಮಕಥೆಯಲ್ಲಿ ತಾವೇ ಹೇಳಿಕೊಂಡಿದ್ದಾರೆ. ಆ ಸಂಕೋಚ, ತಾಯಿ ಪುತಲೀಬಾಯಿಗೆ ಕೊಟ್ಟ ಮಾತಿಗೆ ಅಂಟಿಕೊಂಡದ್ದು, ರೋಗಿಗಳ ಶುಶ್ರೂಷೆಯ ಹಂಬಲ, ಇವನ್ನು ಕರ್ಕಾಟಕದ ಚಂದ್ರನಿಗೆ ಸೇರಿಸುತ್ತಾರೆ. ಎರಡೂ ಪಕ್ಷದ ಮಾತು ಕೇಳಿ ರಾಜಿ ಮಾಡಿಸುವ ವಕೀಲ ತುಲಾ ಲಗ್ನಕ್ಕೆ. ಊಟದ ಪ್ರಯೋಗ, ಪೈಸೆ ಪೈಸೆಯ ಲೆಕ್ಕ, ಶೌಚದ ಕಟ್ಟುನಿಟ್ಟು ಕನ್ಯೆಯ ಸೂರ್ಯನಿಗೆ. ಅಧಿಕಾರದ ಕಾರಕನಾದ ಸೂರ್ಯ ಹನ್ನೆರಡರಲ್ಲಿ ಇದ್ದುದರಿಂದಲೇ ಅವರು ಪದವಿಯಿಂದ ದೂರ ಉಳಿದರು ಎಂದು ವಾದಿಸುವವರೂ ಇದ್ದಾರೆ. ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿ ಅಧ್ಯಕ್ಷರಾದದ್ದು ಒಮ್ಮೆ ಮಾತ್ರ, 1924ರಲ್ಲಿ ನಮ್ಮ ಬೆಳಗಾವಿಯಲ್ಲಿ. ಹತ್ತು ವರ್ಷದ ನಂತರ ಪಕ್ಷದ ಸದಸ್ಯತ್ವವನ್ನೂ ಬಿಟ್ಟರು. ಹನ್ನೆರಡನೆಯ ಮನೆ ಬಂಧನದ್ದೂ ಹೌದು, ದೂರದೇಶದ್ದೂ ಹೌದು, ಆದ್ದರಿಂದ ಜೈಲನ್ನೂ ದಕ್ಷಿಣ ಆಫ್ರಿಕಾವನ್ನೂ ಅದಕ್ಕೇ ಬರೆಯುತ್ತಾರೆ.

ಮೂರನ್ನೂ ಒಟ್ಟಿಗೆ ಓದಲು ನಮ್ಮಲ್ಲಿ ಹಳೆಯದೊಂದು ವಿಧಾನವೇ ಇದೆ. ಪರಾಶರರ ಹೆಸರಿನಲ್ಲಿರುವ ಹೋರಾಶಾಸ್ತ್ರದಲ್ಲಿ ಬರುವ ಸುದರ್ಶನ ಚಕ್ರ. ಒಂದರೊಳಗೊಂದು ಮೂರು ವೃತ್ತ ಬರೆಯುತ್ತಾರೆ. ಒಳಗಿನದರಲ್ಲಿ ಲಗ್ನದಿಂದ ಮನೆಗಳನ್ನು ಎಣಿಸುತ್ತಾರೆ, ನಡುವಿನದರಲ್ಲಿ ಚಂದ್ರನಿಂದ, ಹೊರಗಿನದರಲ್ಲಿ ಸೂರ್ಯನಿಂದ. ಒಂದು ವಿಷಯ ತೆಗೆದುಕೊಂಡು ಮೂರೂ ಕಡೆಯಿಂದ ಅದೇ ಸಂಖ್ಯೆಯ ಮನೆ ನೋಡುತ್ತಾರೆ. ಮೂರೂ ಒಂದೇ ಕಡೆ ಬೆರಳು ತೋರಿದರೆ ಫಲ ಗಟ್ಟಿ, ಎರಡು ತೋರಿದರೆ ಸಾಧಾರಣ, ಒಂದೇ ಆದರೆ ಅದನ್ನು ಜೋರಾಗಿ ಹೇಳಬಾರದು.

ಗಾಂಧೀಜಿಯ ವೃತ್ತಿ ಏನಾಗಬೇಕಿತ್ತು ಎಂದು ಕೇಳಿ ನೋಡೋಣ. ವೃತ್ತಿಗೆ ಹತ್ತನೆಯ ಮನೆ. ತುಲಾ ಲಗ್ನದಿಂದ ಹತ್ತು ಎಂದರೆ ಕರ್ಕಾಟಕ, ಅಲ್ಲಿ ಚಂದ್ರ ಮತ್ತು ರಾಹು: ಜನಸಮೂಹ, ಜನಪ್ರಿಯತೆ, ರೂಢಿಗೆ ಹೊರತಾದ ದಾರಿ. ಚಂದ್ರನಿಂದ ಹತ್ತು ಮೇಷ, ಅಲ್ಲಿ ಗುರು: ಬೋಧನೆ, ಧರ್ಮ. ಸೂರ್ಯನಿಂದ ಹತ್ತು ಮಿಥುನ. ಅಲ್ಲಿ ಯಾವ ಗ್ರಹವೂ ಇಲ್ಲ, ಆಗ ಒಡೆಯನನ್ನು ಹಿಡಿಯಬೇಕು. ಮತ್ತೆ ಬುಧ, ಲಗ್ನದಲ್ಲಿ: ಬರಹ, ವಾದ, ಪತ್ರಿಕೆ. ಮೂರು ಉತ್ತರ ಬಂದವು, ಆದರೆ ಒಂದನ್ನೊಂದು ಹೊಡೆದುಹಾಕುವಂಥವಲ್ಲ. ‘ಯಂಗ್ ಇಂಡಿಯಾ’, ‘ಹರಿಜನ’ ಪತ್ರಿಕೆ ನಡೆಸಿದವರು, ಆಶ್ರಮ ಕಟ್ಟಿದವರು, ಜನರನ್ನು ಬೀದಿಗಿಳಿಸಿದವರು, ಎಲ್ಲ ಅದರೊಳಗೆ ಬಂತು. ಕುಂಡಲಿ ಮುಚ್ಚಿಟ್ಟು ಮೆಚ್ಚುಗೆಯಿಂದ ತಲೆದೂಗಬೇಕು ಅನ್ನಿಸುತ್ತದೆ.

ಹಾಗೆ ತಲೆದೂಗುವ ಮುಂಚೆ ಒಂದು ಕ್ಷಣ ನಿಲ್ಲಬೇಕು. ಮೇಲಿನ ಎರಡು ಪ್ಯಾರಾಗಳಲ್ಲಿ ನಾವು ಮಾಡಿದ್ದು ಬದುಕು ಗೊತ್ತಿದ್ದು ಜಾತಕ ಓದಿದ್ದು. ಮೋಹನದಾಸರು ರಾಜಕೋಟೆಯ ಒಳ್ಳೆಯ ಬ್ಯಾರಿಸ್ಟರ್ ಆಗಿ ಬಾಳಿ ಹೋಗಿದ್ದರೆ? ಆಗ ಮಿಥುನದ ಬುಧ ಗೆದ್ದ, ಕ್ಷೀಣಚಂದ್ರನಿಗೆ ರಾಹು ಸೇರಿ ಜನಪ್ರಿಯತೆ ಕೆಟ್ಟಿತು ಎಂದು ಅಷ್ಟೇ ಸಲೀಸಾಗಿ ಹೇಳಬಹುದಿತ್ತು. ಸೇನಾಧಿಕಾರಿಯಾಗಿದ್ದರೆ ಲಗ್ನದ ಕುಜ ಕೈಗೆ ಸಿಗುತ್ತಿದ್ದ. ಅಹಿಂಸೆಯನ್ನು ಪ್ರತಿಪಾದಿಸಿದವರ ಲಗ್ನದಲ್ಲೇ ಕುಜ ಇರುವುದಕ್ಕೆ ‘ತನ್ನ ವಿರುದ್ಧವೇ ಹೋರಾಡಿದ’ ಎಂಬ ವಿವರಣೆ ಸಿದ್ಧವಾಗಿದೆ, ಕೇಳಲೂ ಚೆನ್ನಾಗಿದೆ. ಮೂರು ರಾಶಿ, ಮೂರು ಅಧಿಪತಿ, ಮೂರು ಎಣಿಕೆ ಇದ್ದಮೇಲೆ ಮನುಷ್ಯನ ಯಾವ ಗುಣಕ್ಕೂ ಒಂದು ಗೂಡು ಸಿಕ್ಕೇ ಸಿಗುತ್ತದೆ. ಯಾವುದಕ್ಕೂ ‘ಇಲ್ಲ’ ಎನ್ನದ ಓದು ಏನನ್ನೂ ಹೇಳಿದಂತಾಗುವುದಿಲ್ಲ. ಈ ವಿಧಾನದ ನಿಜವಾದ ಮಿತಿ ಇದು, ರಾಶಿಗಳ ನಡುವಿನ ವಿರೋಧವಲ್ಲ.

ಬದುಕು ಗೊತ್ತಿಲ್ಲದೆ ಓದಿದರೆ ಏನಾಗುತ್ತದೆ ಎಂಬುದನ್ನು ಖಗೋಳವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದಲ್ಲಿ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಓದಿನಲ್ಲಿ ಚುರುಕಾದ ಮಕ್ಕಳ ಮತ್ತು ಬುದ್ಧಿಮಾಂದ್ಯ ಮಕ್ಕಳ ಜಾತಕಗಳನ್ನು ಬೆರೆಸಿ ಕೊಟ್ಟು ಯಾವುದು ಯಾರದೆಂದು ಕೇಳಲಾಯಿತು. ಉತ್ತರ ಕಳಿಸಿದ 27 ಜ್ಯೋತಿಷಿಗಳು ತಲಾ 40 ಜಾತಕ ನೋಡಿದರು. ಸರಿಯಾದದ್ದು ನೂರಕ್ಕೆ 46, ನಾಣ್ಯ ಚಿಮ್ಮಿದ್ದರೂ ಸುಮಾರು ಅಷ್ಟೇ ಬರುತ್ತಿತ್ತು. ಇದನ್ನು ಕೇಳಿದ ಮೇಲೂ ಜಾತಕ ತೋರಿಸುವವರು ತೋರಿಸುತ್ತಾರೆ, ನಮ್ಮ ಮನೆಗಳಲ್ಲಿ ಮದುವೆ ಮಾತುಕತೆ ಅದಿಲ್ಲದೆ ಮುಂದಕ್ಕೆ ಹೋಗುವುದಿಲ್ಲ. ಅಂಥವರಿಗೆ ಕೆಲವು ಮಾತು ಉಪಯೋಗಕ್ಕೆ ಬರಬಹುದು.

ಮೊದಲನೆಯದು ವೇಳೆ. ಗಾಂಧೀಜಿ ಹುಟ್ಟಿದ ಕಾಲದಲ್ಲಿ ಭಾರತೀಯ ಕಾಲಮಾನ ಎಂಬುದೇ ಇರಲಿಲ್ಲ, ಅದು ಬಂದದ್ದು 1906ರಲ್ಲಿ. ಪೋರಬಂದರಿನ ಸ್ಥಳೀಯ ವೇಳೆ ಇಂದಿನ ಕಾಲಮಾನಕ್ಕಿಂತ ಸುಮಾರು 52 ನಿಮಿಷ ಹಿಂದೆ. 7 ಗಂಟೆ 11 ನಿಮಿಷವನ್ನು ಕಂಪ್ಯೂಟರಿಗೆ ಹಾಗೇ ಇಂದಿನ ಕಾಲಮಾನವೆಂದು ಕೊಟ್ಟರೆ ಲಗ್ನ ಕನ್ಯೆಗೆ ಜಾರಿ ಸೂರ್ಯ ಲಗ್ನದಲ್ಲೇ ಬಂದು ಕೂರುತ್ತಾನೆ. ಚಂದ್ರ ಹತ್ತರಿಂದ ಹನ್ನೊಂದಕ್ಕೆ ಹೋಗುತ್ತಾನೆ, ನಾವು ಇಷ್ಟುದ್ದ ಹೇಳಿದ ಕಥೆ ಪೂರ್ತಿ ಬಿದ್ದುಹೋಗುತ್ತದೆ. ಬೆಂಗಳೂರಿಗೆ ಈ ವ್ಯತ್ಯಾಸ 20 ನಿಮಿಷ. 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರ್ ನಡುವಿನವರೆಗೆ ಯುದ್ಧದ ಕಾರಣಕ್ಕೆ ದೇಶದ ಗಡಿಯಾರಗಳನ್ನು ಒಂದು ಗಂಟೆ ಮುಂದಿಡಲಾಗಿತ್ತು. ಆಗ ಹುಟ್ಟಿದ ಅಜ್ಜ ಅಜ್ಜಿಯರ ಜಾತಕ ಹಾಕಿಸುವಾಗ ಇದನ್ನು ಮರೆತರೆ ಲಗ್ನ ತಪ್ಪುವ ಸಾಧ್ಯತೆ ಸಾಕಷ್ಟಿದೆ. ನಿಮ್ಮ ಲಗ್ನ ರಾಶಿಯ ಮೊದಲ ಒಂದೆರಡು ಅಂಶದಲ್ಲೋ ಕೊನೆಯದರಲ್ಲೋ ಇದ್ದರೆ ಹಿಂದೆಮುಂದೆ ಹತ್ತು ನಿಮಿಷಕ್ಕೂ ಕುಂಡಲಿ ಹಾಕಿಸಿ ನೋಡಿ. ವೇಳೆ ಗೊತ್ತೇ ಇಲ್ಲದಿದ್ದರೆ ಚಂದ್ರನನ್ನೇ ಲಗ್ನವಾಗಿ ಇಟ್ಟು ಓದುವುದು ರೂಢಿ, ಊಹೆಯ ಲಗ್ನಕ್ಕಿಂತ ಅದು ವಾಸಿ.

ಎರಡನೆಯದು, ಯಾವ ಫಲ ಯಾವ ರಾಶಿಗೆ ಎಂಬ ಅರಿವು. ಕನ್ನಡ ಪತ್ರಿಕೆಗಳ, ಟಿವಿ ಜ್ಯೋತಿಷಿಗಳ ದಿನಭವಿಷ್ಯ, ಗುರುಬಲ, ಸಾಡೇಸಾತಿ ಸಾಮಾನ್ಯವಾಗಿ ಜನ್ಮರಾಶಿಗೆ, ಅಂದರೆ ಚಂದ್ರನಿಗೆ. ಮದುವೆಯ ಕೂಟ, ದಶೆ, ಹೆಸರಿನ ಅಕ್ಷರ ಚಂದ್ರನ ನಕ್ಷತ್ರಕ್ಕೆ. ಇಂಗ್ಲಿಷ್ ಅಂಕಣ ಸಾಯನ ಸೂರ್ಯನಿಗೆ. ಒಂದರ ಫಲವನ್ನು ಇನ್ನೊಂದರ ರಾಶಿಗೆ ಓದಿಕೊಂಡು ಹೆದರುವವರು, ಹಿಗ್ಗುವವರು ಬೇಕಾದಷ್ಟು ಜನ.

ಕೊನೆಯದು, ಜೋಯಿಸರ ಎದುರು ಕೂತಾಗ ಮೊದಲು ನಿಮ್ಮ ಕಥೆ ಹೇಳಬೇಡಿ. ಲಗ್ನ, ಚಂದ್ರ, ಸೂರ್ಯ ಮೂವರಲ್ಲಿ ಯಾರು ಬಲಿಷ್ಠರು, ಏಕೆ, ನಿಮ್ಮ ಪ್ರಶ್ನೆಗೆ ಯಾರನ್ನು ನೋಡುತ್ತಾರೆ ಎಂದು ಮೊದಲೇ ಕೇಳಿ, ಬರೆದುಕೊಳ್ಳಿ. ನೀವು ಬಾಯಿ ಬಿಟ್ಟ ಮೇಲೆ ತೂಕ ಬದಲಾದರೆ ದಕ್ಷಿಣೆ ಕೊಟ್ಟು ಎದ್ದು ಬನ್ನಿ, ಆ ಮಾತನ್ನು ನಂಬಿ ಮದುವೆಯನ್ನಾಗಲಿ ಮನೆಯನ್ನಾಗಲಿ ತೀರ್ಮಾನಿಸಬೇಡಿ.